ವಾಚು ಹೇಳಿದ್ದು 2,310 ಮೀಟರ್, ಕೆರೆ ಹೇಳಿದ್ದು 1,800: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ದಾವಣಗೆರೆ ಜಿಲ್ಲೆಯ ಒಂದು ದೊಡ್ಡ ಕೆರೆಯಲ್ಲಿ ನಡೆದ ಪ್ರಕರಣವಿದು. ಸಂಬಂಧಪಟ್ಟವರ ಗುರುತು ಸಿಗಬಾರದೆಂದು ಕೆರೆಯ ಹೆಸರನ್ನು ಬಿಟ್ಟಿದ್ದೇನೆ, ಈಜುಗಾರರನ್ನು ‘ಶ್ರೀ ಕ’ ಎಂದಷ್ಟೇ ಕರೆದಿದ್ದೇನೆ. ನಲವತ್ತರ ಆಸುಪಾಸಿನ ವ್ಯಾಪಾರಸ್ಥರಾದ ಅವರು ಈಜು, ಸೈಕಲ್ ಮತ್ತು ಓಟ ಮೂರೂ ಇರುವ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದರು. ಅದರಲ್ಲಿ ಈಜಿನ ಭಾಗ 1,900 ಮೀಟರ್, ಮುಗಿಸಲು ಇರುವ ಗಡುವು 70 ನಿಮಿಷ. ಗಡುವು ಮೀರಿದವರನ್ನು ಸೈಕಲ್ ಹತ್ತಲು ಬಿಡುವುದಿಲ್ಲ. ನಾನು ವೃತ್ತಿಯಲ್ಲಿ ಮೋಜಣಿ ಮಾಡುವವನು. ಭಾನುವಾರ ಬೆಳಿಗ್ಗೆ ಆ ಗುಂಪಿನ ಜೊತೆ ಹೋಗಿ ದಡದಲ್ಲಿ ಕೂತು ಸಮಯ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಈಜುವ ದಾರಿ ಸರಳವಾಗಿತ್ತು. ಏರಿಯ ಮೇಲಿನ ತೂಬಿನ ಮೆಟ್ಟಿಲಿನಿಂದ ಹೊರಟು, ಕೆರೆಯೊಳಗೆ ಸೈಜುಗಲ್ಲಿಗೆ ಹಗ್ಗ ಬಿಗಿದು ನಿಲ್ಲಿಸಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಬಳಸಿಕೊಂಡು ಮರಳಿ ಬರಬೇಕು; ಹಾಗೆ ಎರಡು ಸುತ್ತು. ಮೀನುಗಾರರ ಸಹಕಾರ ಸಂಘದವರ ಒಪ್ಪಿಗೆ ಪಡೆದಿದ್ದೆವು, ಅವರದೇ ಒಂದು ತೆಪ್ಪ ಪ್ರತಿ ಸಲವೂ ಜೊತೆಗಿರುತ್ತಿತ್ತು.

ಸಮಸ್ಯೆ

ಒಂದು ಭಾನುವಾರ ಶ್ರೀ ಕ ಎರಡು ಸುತ್ತನ್ನು 62 ನಿಮಿಷದಲ್ಲಿ ಮುಗಿಸಿದರು. ಅವರ ಮಣಿಕಟ್ಟಿನ ಜಿಪಿಎಸ್ ವಾಚು 2,310 ಮೀಟರ್ ಎಂದು ತೋರಿಸಿತು. ಆ ಲೆಕ್ಕದಲ್ಲಿ 100 ಮೀಟರಿಗೆ 2 ನಿಮಿಷ 41 ಸೆಕೆಂಡು ಬೀಳುತ್ತದೆ, 1,900 ಮೀಟರಿಗೆ 51 ನಿಮಿಷ ಸಾಕು. ಗಡುವಿಗೆ 19 ನಿಮಿಷ ಮಿಗುತ್ತದೆಂದು ಕಂಡ ಮೇಲೆ, ಈಜಿನ ಅಭ್ಯಾಸವನ್ನು ವಾರಕ್ಕೆ ಒಂದೇ ದಿನಕ್ಕೆ ಇಳಿಸಿ ಉಳಿದ ಸಮಯವನ್ನು ಸೈಕಲ್ಲಿಗೆ ಕೊಡುವುದೆಂದು ಅವರು ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿದ್ದರು.

ಅನುಮಾನ ಮೊದಲು ಹುಟ್ಟಿದ್ದು ನನಗಲ್ಲ, ತೆಪ್ಪ ನಡೆಸುತ್ತಿದ್ದ ಮೀನುಗಾರರಿಗೆ. ಫೋನಿನಲ್ಲಿ ನಕಾಶೆಯ ಮೇಲೆ ಮೂಡಿದ್ದ ವಾಚಿನ ಗೆರೆಯನ್ನು ನೋಡಿ ಅವರು, “ಅಣ್ಣಾರು ಡ್ರಮ್ಮಿನ ಕಡೀಗೆ ನೆಟ್ಟಗೇ ಹೋದ್ರಲ್ರೀ, ಇದ್ಯಾಕೆ ಹಾವು ಹರಿದಂಗೆ ಬಂದೈತಿ?” ಎಂದು ಕೇಳಿದರು. ಗೆರೆ ಹಾವಿನಂತಿತ್ತು ಎಂಬುದಷ್ಟೇ ಅಲ್ಲ, ಒಂದು ಕಡೆ ಅದು ಏರಿಯನ್ನು ದಾಟಿ ಕೆಳಗಿನ ಅಡಿಕೆ ತೋಟಕ್ಕೂ ಹೋಗಿ ಬಂದಿತ್ತು.

ಶ್ರೀ ಕ ಅವರಿಗೆ ಇದರಿಂದ ಅನುಮಾನ ಬರಲಿಲ್ಲ. “ನೂರಿನ್ನೂರು ಮೀಟರ್ ಹೆಚ್ಚುಕಡಿಮೆ ಆಗಬಹುದು ಸಾರ್, ನಾನೂ ಅಲ್ಲಲ್ಲಿ ಅಡ್ಡ ಹೋಗಿರ್ತೀನಿ, ಅದಕ್ಕೇ ಜಾಸ್ತಿ ಬಂದಿರೋದು” ಎಂದರು. ಇದಕ್ಕೆ ಅವರ ಬಳಿ ಒಂದು ಸಾಕ್ಷ್ಯವೂ ಇತ್ತು. ವಾಚು ಕಟ್ಟಿದ ಕೈ ಎಷ್ಟು ಸಲ ಬೀಸಿತೆಂಬುದನ್ನು ವಾಚೇ ಎಣಿಸುತ್ತದೆ, ಅಂದಿನ ಎಣಿಕೆ 1,270. ನಗರದ 25 ಮೀಟರ್ ಈಜುಕೊಳದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಅವರಿಗೆ ಅದೇ ಕೈಯ 14 ಬೀಸು ಬೇಕಾಗುತ್ತಿತ್ತು. ಅಂದರೆ ಒಂದು ಬೀಸಿಗೆ 1.79 ಮೀಟರ್, 1,270 ಬೀಸಿಗೆ ಸುಮಾರು 2,270. ವಾಚಿನ ಅಂಕಿಗೆ ಇದು ಎಷ್ಟು ಹತ್ತಿರವೆಂದರೆ, ಆ ದಿನ ನಾನೂ ಸುಮ್ಮನಾಗಬೇಕಾಯಿತು.

ಮೊದಲ ತಿರುವು: ದಾರಿಯನ್ನೇ ಅಳೆದದ್ದು

ಹೊಲದ ತಕರಾರಿನಲ್ಲಿ ಮೊದಲು ಬಾಂದು ಕಲ್ಲು ಹುಡುಕುವುದು ನಮ್ಮ ವೃತ್ತಿಯ ಪದ್ಧತಿ. ಇಲ್ಲಿಯೂ ಅದನ್ನೇ ಮಾಡಿದೆ. ಈಜಿದ ಗೆರೆಯನ್ನು ಬದಿಗಿಟ್ಟು, ತೂಬಿನ ಮೆಟ್ಟಿಲು ಮತ್ತು ಡ್ರಮ್ಮು ಎಂಬ ಎರಡು ಬಿಂದುಗಳ ನಡುವಿನ ಅಂತರವನ್ನು ಅಳೆಯಲು ಹೊರಟೆ. ಮೆಟ್ಟಿಲಿನ ಮೇಲೆ ಫೋನನ್ನು ಹತ್ತು ನಿಮಿಷ ಅಲುಗದಂತೆ ಇಟ್ಟು, ಬಂದ ಅಕ್ಷಾಂಶ ರೇಖಾಂಶಗಳ ಸರಾಸರಿ ತೆಗೆದೆ. ಆಮೇಲೆ ತೆಪ್ಪವನ್ನು ಡ್ರಮ್ಮಿಗೆ ಕಟ್ಟಿ ಅಲ್ಲಿಯೂ ಹತ್ತು ನಿಮಿಷ ಹಾಗೆಯೇ ಮಾಡಿದೆ. ಒಂದೇ ಕಡೆ ಕೂತಿರುವ ಫೋನಿನ ತಪ್ಪು ಅತ್ತ ಇತ್ತ ಓಲಾಡುವುದರಿಂದ ಸರಾಸರಿಯಲ್ಲಿ ಅದರ ಒಂದು ಪಾಲು ಕಳೆದುಹೋಗುತ್ತದೆ. ಚಲಿಸುತ್ತಿರುವ ವಾಚಿಗೆ ಈ ಅನುಕೂಲವಿಲ್ಲ.

ನಮ್ಮ ಭಾಗದ ಅಕ್ಷಾಂಶದಲ್ಲಿ, ಅಂದರೆ ಸುಮಾರು 14.4 ಡಿಗ್ರಿ ಉತ್ತರದಲ್ಲಿ, ಒಂದು ಡಿಗ್ರಿ ಅಕ್ಷಾಂಶಕ್ಕೆ 110.6 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶಕ್ಕೆ 107.8 ಕಿಲೋಮೀಟರ್. ಅರ್ಧ ಕಿಲೋಮೀಟರಿನಂಥ ಚಿಕ್ಕ ಅಂತರಕ್ಕೆ ಭೂಮಿಯ ಗುಂಡನೆಯ ಆಕಾರವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಕೋನ ಸಾಕು:

```
d = √( (110600 × Δlat)² + (107800 × Δlon)² )
```

ಎರಡು ಬಿಂದುಗಳ ವ್ಯತ್ಯಾಸ ಅಕ್ಷಾಂಶದಲ್ಲಿ 0.0031, ರೇಖಾಂಶದಲ್ಲಿ 0.0027 ಡಿಗ್ರಿ ಇತ್ತು. ಹಾಗಾಗಿ ಉತ್ತರ ದಕ್ಷಿಣವಾಗಿ 343 ಮೀಟರ್, ಪೂರ್ವ ಪಶ್ಚಿಮವಾಗಿ 291 ಮೀಟರ್; ನೇರ ಅಂತರ 450 ಮೀಟರ್. ಡ್ರಮ್ಮಿನ ಹಗ್ಗ 6 ಮೀಟರ್, ಅಲ್ಲಿ ನೀರಿನ ಆಳ 4 ಮೀಟರ್ ಇದ್ದುದರಿಂದ ಗಾಳಿಗೆ ಡ್ರಮ್ಮು ಕಲ್ಲಿನ ನೇರದಿಂದ ನಾಲ್ಕೂವರೆ ಮೀಟರ್ ಆಚೀಚೆ ಸರಿಯಬಹುದು, ಅಂದರೆ ಅಳತೆಯಲ್ಲಿ ಶೇಕಡಾ ಒಂದರಷ್ಟು ಅನಿಶ್ಚಯ. ಮೆಟ್ಟಿಲಿನಿಂದ ಡ್ರಮ್ಮಿಗೆ ಅಥವಾ ಡ್ರಮ್ಮಿನಿಂದ ಮೆಟ್ಟಿಲಿಗೆ ಒಂದು ಸಲ ಈಜುವುದನ್ನು ಒಂದು ಹಾಯಿ ಎನ್ನೋಣ; ಎರಡು ಸುತ್ತಿನ ನಾಲ್ಕು ಹಾಯಿಗೆ ಒಟ್ಟು 1,800 ಮೀಟರ್. ವಾಚು ಹೇಳಿದ್ದು ಇದಕ್ಕಿಂತ 510 ಮೀಟರ್ ಹೆಚ್ಚು.

ಆ 510 ಮೀಟರನ್ನು ಅವರು ನಿಜವಾಗಿಯೂ ಅಡ್ಡಾದಿಡ್ಡಿ ಈಜಿರಬಹುದೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಯಾವ ಉಪಕರಣವೂ ಬೇಡ. ಗುರಿಯಿಂದ 10 ಡಿಗ್ರಿ ಓರೆಯಾಗಿ ಈಜುವವನು, ಮತ್ತೆ ಮತ್ತೆ ತಿದ್ದಿಕೊಂಡು ಗುರಿ ಸೇರಿದರೆ, ನೇರ ದಾರಿಗಿಂತ ಶೇಕಡಾ ಒಂದೂವರೆಯಷ್ಟು ಮಾತ್ರ ಹೆಚ್ಚು ಈಜಿರುತ್ತಾನೆ. 20 ಡಿಗ್ರಿಗೆ ಹೆಚ್ಚಳ ಶೇಕಡಾ 6.4. ಶೇಕಡಾ 28 ಹೆಚ್ಚಾಗಬೇಕಾದರೆ ಆತ ಮೊದಲಿನಿಂದ ಕೊನೆಯವರೆಗೆ ಸರಾಸರಿ 39 ಡಿಗ್ರಿ ಓರೆಯಾಗಿಯೇ ಈಜಬೇಕು. ತೆಪ್ಪದಲ್ಲಿದ್ದವರ ಕಣ್ಣಿಗೆ ಅದು ಕಾಣದೆ ಇರುತ್ತಿರಲಿಲ್ಲ. ಬಿಲ್ಲಿನಂತೆ ಬಾಗಿ ಹೋದರೂ ಹೀಗೆಯೇ: 450 ಮೀಟರಿನ ಹಾಯಿಯಲ್ಲಿ ನಡುಮಧ್ಯೆ 35 ಮೀಟರ್ ಬದಿಗೆ ಸರಿದಿದ್ದರೂ ಹೆಚ್ಚುವ ದೂರ ಕೇವಲ 7 ಮೀಟರ್. ಈಜುಗಾರನ ಮನಸ್ಸಿಗೆ ‘ಎಷ್ಟೊಂದು ದಾರಿ ತಪ್ಪಿದೆ’ ಎನ್ನಿಸುವುದಕ್ಕೂ ಆ ತಪ್ಪಿನಿಂದ ದೂರ ಹೆಚ್ಚುವುದಕ್ಕೂ ಅಜಗಜಾಂತರ. ಈ ಒಂದು ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ಶ್ರೀ ಕ ವಾಚನ್ನು ಪ್ರಶ್ನಿಸಲು ಒಪ್ಪಿದ್ದು.

ತಪ್ಪು ಎಲ್ಲಿಂದ ಬಂತು

ಜಿಪಿಎಸ್ ಸಂಕೇತ ನೀರನ್ನು ದಾಟಿ ಬರುವುದಿಲ್ಲ. ವಾಚಿನ ಮೇಲೆ ಕೆಲವೇ ಸೆಂಟಿಮೀಟರ್ ನೀರು ನಿಂತರೂ ಅದು ಕುರುಡಾಗುತ್ತದೆ. ಶ್ರೀ ಕ ಅವರ ಕೈ ಸುಮಾರು 3 ಸೆಕೆಂಡಿಗೊಮ್ಮೆ ಒಂದು ಪೂರ್ತಿ ಸುತ್ತು ಸುತ್ತುತ್ತಿತ್ತು, ಅದರಲ್ಲಿ ಮಣಿಕಟ್ಟು ನೀರಿನಿಂದ ಮೇಲಿರುವುದು ಹೆಚ್ಚೆಂದರೆ ಒಂದು ಸೆಕೆಂಡು. ಅಷ್ಟರಲ್ಲೇ ವಾಚು ಉಪಗ್ರಹಗಳನ್ನು ಮತ್ತೆ ಹಿಡಿದು, ತಾನಿರುವ ಜಾಗ ಲೆಕ್ಕ ಹಾಕಿ, ಮತ್ತೆ ಮುಳುಗಬೇಕು. ಹಾಗಾಗಿ ಓಟದಲ್ಲಿ ಆಗುವಂತೆ ಒಂದು ತಪ್ಪು ನಿಧಾನವಾಗಿ ಸರಿಯುತ್ತ ಹೋಗುವುದಿಲ್ಲ, ಪ್ರತಿ ಬಿಂದುವಿನ ತಪ್ಪೂ ಬೇರೆ ಬೇರೆ ದಿಕ್ಕಿಗೆ ಜಿಗಿಯುತ್ತದೆ.

ಅಡಿಕೆ ತೋಟಕ್ಕೆ ಹೋಗಿ ಬಂದ ಬಿಂದುವನ್ನು ಮೊದಲು ತೆಗೆದುಹಾಕಿದೆ. ಏರಿಯ ಪಕ್ಕದಲ್ಲೇ ಈಜುತ್ತಿದ್ದವರು ಅಲ್ಲಿ 6 ಸೆಕೆಂಡಿನಲ್ಲಿ 41 ಮೀಟರ್ ಹೋಗಿ, ಇನ್ನು 6 ಸೆಕೆಂಡಿನಲ್ಲಿ ಮರಳಿದ್ದರು. ಸೆಕೆಂಡಿಗೆ ಸುಮಾರು 7 ಮೀಟರ್. 1,500 ಮೀಟರ್ ಮುಕ್ತ ಈಜಿನ ವಿಶ್ವದಾಖಲೆಯ ವೇಗವೇ ಸೆಕೆಂಡಿಗೆ 1.7 ಮೀಟರಿನಷ್ಟು. ಈ ಒಂದು ಬಿಂದು ಹೋದ ಮೇಲೆ ಮೊತ್ತ 2,234ಕ್ಕೆ ಇಳಿಯಿತು. ಇಂಥ ಎದ್ದುಕಾಣುವ ಜಿಗಿತವೇ ಎಲ್ಲ ತಪ್ಪಿಗೂ ಕಾರಣವೆಂದು ನಾನು ಮೊದಲು ಭಾವಿಸಿದ್ದೆ. ಅದು ತಪ್ಪಾಗಿತ್ತು.

ನಿಜವಾದ ಕಳ್ಳ ಕಣ್ಣಿಗೆ ಬೀಳದಷ್ಟು ಸಣ್ಣದು. ವಾಚು ಸುಮಾರು 6 ಸೆಕೆಂಡಿಗೊಂದು ಬಿಂದು ಬರೆದಿತ್ತು. ಸೆಕೆಂಡಿಗೆ ಅರ್ಧ ಮೀಟರ್ ಸಾಗುವ ಈಜುಗಾರ ಅಷ್ಟರಲ್ಲಿ ಹೋಗುವುದು 3 ಮೀಟರ್. ಒಂದು ಬಿಂದುವಿನಿಂದ ಮುಂದಿನ ಬಿಂದುವಿಗೆ ಅಡ್ಡತಪ್ಪು ಎರಡೇ ಮೀಟರ್ ಬದಲಾದರೂ, 3 ಮತ್ತು 2ರ ಲಂಬಕೋನ ತ್ರಿಕೋನದ ಕರ್ಣ 3.6 ಮೀಟರ್ ಆಗುತ್ತದೆ. ಬಿಂದುವಿನಿಂದ ಬಿಂದುವಿಗೆ ಇಡುವ ಪ್ರತಿ ಹೆಜ್ಜೆಗೂ ಶೇಕಡಾ 20 ಹೆಚ್ಚು, ಆರುನೂರು ಹೆಜ್ಜೆಗೂ ಹಾಗೆಯೇ. ಎಡಕ್ಕೆ ಜಿಗಿದರೂ ಬಲಕ್ಕೆ ಜಿಗಿದರೂ ಕರ್ಣ ಉದ್ದವೇ ಆಗುವುದರಿಂದ ಈ ತಪ್ಪುಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ, ಕೂಡುತ್ತಲೇ ಹೋಗುತ್ತವೆ. ಎರಡು ಮೀಟರೆಂದರೆ ಜಿಪಿಎಸ್ ಮಟ್ಟಿಗೆ ಅತ್ಯುತ್ತಮ ಕೆಲಸ. ನಿಧಾನವಾಗಿ ಈಜುವವರಿಗೇ ಈ ಹೊಡೆತ ಹೆಚ್ಚು, ಏಕೆಂದರೆ ಅವರ ಹೆಜ್ಜೆ ಚಿಕ್ಕದು. ಅದೇ ಎರಡು ಮೀಟರಿನ ತಪ್ಪು 30 ಮೀಟರಿನ ಹೆಜ್ಜೆಯಲ್ಲಿ ಬಿದ್ದರೆ ಹೆಚ್ಚುವುದು 7 ಸೆಂಟಿಮೀಟರ್ ಮಾತ್ರ.

ಪ್ರಯತ್ನ ಮತ್ತು ಎಡವಿದ ಜಾಗ

ದಾರಿ ಇದರಲ್ಲೇ ಇತ್ತು: ಬಿಂದುಗಳನ್ನು ವಿರಳ ಮಾಡಬೇಕು. ವಾಚಿನ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿ, ನಿಮಿಷಕ್ಕೊಂದು ಬಿಂದುವನ್ನು ಮಾತ್ರ ಉಳಿಸಿಕೊಂಡು, ಅವುಗಳ ನಡುವಿನ ಅಂತರಗಳನ್ನು ಕೂಡಿದೆ. ಬಂದ ಉತ್ತರ 1,792.

ಒಂದು ಕ್ಷಣ ಸಂತೋಷವಾಯಿತು, ಆಮೇಲೆ ಲೆಕ್ಕ ಅಸಾಧ್ಯವೆಂದು ಹೊಳೆಯಿತು. ನೇರ ಗೆರೆಯಲ್ಲಿ ಈಜಿದರೂ 1,800 ಆಗಲೇಬೇಕು, ಅದಕ್ಕಿಂತ ಕಡಿಮೆ ಈಜಿ ಆ ದಾರಿಯನ್ನು ಮುಗಿಸಲು ಯಾರಿಗೂ ಆಗದು. ಕಾರಣ ತಿರುವುಗಳಲ್ಲಿತ್ತು. ಡ್ರಮ್ಮಿಗೆ 15 ಮೀಟರ್ ಮೊದಲು ಒಂದು ಬಿಂದು, ಅದನ್ನು ಬಳಸಿ 15 ಮೀಟರ್ ಮರಳಿ ಬಂದ ಮೇಲೆ ಮುಂದಿನ ಬಿಂದು ಬಿದ್ದರೆ, ಎರಡೂ ನಕಾಶೆಯ ಮೇಲೆ ಒಂದೇ ಜಾಗದಲ್ಲಿರುತ್ತವೆ. ನಡುವೆ ಈಜಿದ 30 ಮೀಟರ್ ಲೆಕ್ಕದಿಂದ ಮಾಯವಾಗುತ್ತದೆ. ನಮ್ಮ ದಾರಿಯಲ್ಲಿ ಇಂಥ ತಿರುವು ಮೂರಿದ್ದವು. ನಾನು ವಾಚಿನ ಅಡ್ಡತಪ್ಪನ್ನು ಇಳಿಸಲು ಹೋಗಿ ದಾರಿಯ ತುದಿಗಳನ್ನೇ ಕತ್ತರಿಸಿದ್ದೆ.

ಆದ್ದರಿಂದ ಎರಡನೆಯ ಸಲ ದಾಖಲೆಯನ್ನು ಮೊದಲು ನಾಲ್ಕು ಹಾಯಿಗಳಾಗಿ ಒಡೆದೆ. ಪ್ರತಿ ಹಾಯಿಯ ಎರಡು ತುದಿಗೆ ನಾನು ಅಳೆದ ಮೆಟ್ಟಿಲಿನ ಮತ್ತು ಡ್ರಮ್ಮಿನ ಬಿಂದುಗಳನ್ನೇ ನೆಟ್ಟು, ನಡುವಿನವನ್ನು ಮಾತ್ರ ವಿರಳಗೊಳಿಸಿದೆ. 15 ಸೆಕೆಂಡಿಗೊಂದು ಬಿಂದು ಇಟ್ಟಾಗ ಮೊತ್ತ 2,050 ಬಂತು, 30 ಸೆಕೆಂಡಿಗೆ 1,925, 60ಕ್ಕೆ 1,868, 90ಕ್ಕೆ 1,852, 120ಕ್ಕೆ 1,846. ಇಲ್ಲಿ ನೋಡಬೇಕಾದ್ದು ಯಾವುದೋ ಒಂದು ಅಂಕಿಯನ್ನಲ್ಲ, ಅಂಕಿಗಳು ಇಳಿಯುವ ರೀತಿಯನ್ನು. ಮೊದಲು ಧಡಧಡನೆ ಇಳಿದ ಮೊತ್ತ 1,850ರ ಹತ್ತಿರ ಬಂದು ಸಮತಟ್ಟಾಗುತ್ತದೆ. ಇಳಿಜಾರು ವಾಚಿನ ತಪ್ಪು, ಸಮತಟ್ಟಾದದ್ದು ಈಜುಗಾರನ ದಾರಿ. ಇನ್ನೂ ವಿರಳ ಮಾಡುತ್ತ ಹೋದರೆ ಈಜುಗಾರ ನಿಜವಾಗಿ ಬಾಗಿದ ಬಾಗೂ ಅಳಿಸಿಹೋಗಿ ಕೊನೆಗೆ 1,800 ಬರುತ್ತದೆ. ಅದನ್ನು ನೋಡಲು ಇಷ್ಟು ಕಷ್ಟಪಡಬೇಕಾಗಿಲ್ಲ.

ಇದು ನನ್ನ ಕೈಚಳಕವಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ಎರಡನೆಯ ಸಾಕ್ಷಿ ಬೇಕಿತ್ತು. ಅದೃಷ್ಟಕ್ಕೆ ಅದು ಅದೇ ದಿನದ್ದೇ ಸಿಕ್ಕಿತು. ಸುರಕ್ಷತೆಗೆಂದು ಸೊಂಟಕ್ಕೆ ಕಟ್ಟಿಕೊಂಡು ಎಳೆದೊಯ್ಯುವ ಗಾಳಿಚೀಲದೊಳಗೆ ಅವರು ಫೋನು ಇಟ್ಟಿದ್ದರು, ಮನೆಯವರಿಗೆ ತಾವಿರುವ ಜಾಗ ಕಾಣಲೆಂದು ಅದರಲ್ಲಿ ದಾಖಲೆಯನ್ನೂ ಚಾಲೂ ಮಾಡಿದ್ದರು. ಚೀಲ ಸದಾ ನೀರಿನ ಮೇಲೆಯೇ ಇರುವುದರಿಂದ ಫೋನಿಗೆ ಆಕಾಶ ಎಂದೂ ತಪ್ಪಿರಲಿಲ್ಲ. ಅದರ ಕಚ್ಚಾ ಮೊತ್ತವೇ 1,890. ಹಾಯಿಗಳಾಗಿ ಒಡೆದು ನಿಮಿಷಕ್ಕೊಂದು ಬಿಂದು ಇಟ್ಟಾಗ 1,848. ಎರಡು ಬೇರೆ ಉಪಕರಣ, ಎರಡು ಬೇರೆ ಬಗೆಯ ತಪ್ಪು, ಉತ್ತರ ಮಾತ್ರ ಒಂದೇ ಕಡೆ ಬಂದಿತ್ತು. ಇಪ್ಪತ್ತು ಮೀಟರ್ ಆಚೀಚೆ ಬಿಟ್ಟು, ಅಂದು ಅವರು ಈಜಿದ್ದು 1,850 ಎಂದು ನಾನು ಬರೆದುಕೊಂಡೆ.

ಉಳಿದದ್ದು ಕೈಬೀಸಿನ ಲೆಕ್ಕ. ಅದೇಕೆ ವಾಚಿಗೆ ಅಷ್ಟು ಚೆನ್ನಾಗಿ ಹೊಂದಿತ್ತು? ಈಜುಕೊಳಕ್ಕೆ ಹೋಗಿ ಅಂಚಿನಲ್ಲಿ ನಿಂತು ನೋಡಿದೆ. ಗೋಡೆಯನ್ನು ಒದ್ದು ಹೊರಟ ಶ್ರೀ ಕ ಮೊದಲ ಬೀಸು ಹಾಕುವ ಹೊತ್ತಿಗೆ ನಾಲ್ಕು ಮೀಟರಿನಷ್ಟು ಜಾರಿಕೊಂಡು ಹೋಗಿರುತ್ತಿದ್ದರು. ಆ ದೂರ ಕಾಲಿನದು, ಕೈಯದಲ್ಲ. ಕೆರೆಯಲ್ಲಿ ಒದೆಯಲು ಗೋಡೆಯಿಲ್ಲ. ನಡುವಿನ 15 ಮೀಟರಿಗೆ ಎರಡು ಚಪ್ಪಲಿಗಳನ್ನು ಗುರುತಾಗಿಟ್ಟು ಎಣಿಸಿದಾಗ 10 ಬೀಸು ಬಂತು, ಅಂದರೆ ಬೀಸಿಗೆ 1.5 ಮೀಟರ್. 1,270 ಬೀಸಿಗೆ 1,905. ಗುರಿ ನೋಡಲು ತಲೆಯೆತ್ತಿದಾಗಲೆಲ್ಲ ಕಾಲು ಇಳಿದು ಬೀಸು ಗಿಡ್ಡವಾಗುವುದರಿಂದ ಕೆರೆಯಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಬೀಳಬೇಕು. 1,850ಕ್ಕೆ ಇದು ಸರಿಹೊಂದುತ್ತದೆ. ಎರಡು ತಪ್ಪು ಲೆಕ್ಕಗಳು ಒಂದೇ ಉತ್ತರ ಕೊಟ್ಟು ಒಂದನ್ನೊಂದು ಸಮರ್ಥಿಸಿಕೊಂಡಿದ್ದವು, ಅಷ್ಟೇ.

ಎರಡು ದೂರ, ಎರಡು ಉಪಯೋಗ

ಈಗ ಕೈಯಲ್ಲಿ 1,800 ಮತ್ತು 1,850 ಎಂಬ ಎರಡು ಸಂಖ್ಯೆಗಳಿದ್ದವು, ಎರಡೂ ‘ನಿಜವಾದ ದೂರ’ಗಳೇ. ತಿಂಗಳಿಗೆ ಎಷ್ಟು ಈಜಿದೆ, ಭುಜಕ್ಕೆ ಎಷ್ಟು ದುಡಿಮೆ ಬಿತ್ತು ಎಂಬ ಲೆಕ್ಕಕ್ಕೆ 1,850 ಸರಿ. ಆದರೆ ಗಡುವಿನ ಪ್ರಶ್ನೆಗೆ ಉತ್ತರ ಕೊಡುವುದು 1,800. ಸ್ಪರ್ಧೆಯ 1,900 ಮೀಟರ್ ಎಂಬುದು ಗುರುತುಗಳ ನಡುವಿನ ನೇರ ಅಂತರ, ಅಲ್ಲಿಯೂ ಅವರು ಇಷ್ಟೇ ಓರೆಯಾಗಿ ಈಜುತ್ತಾರೆ. 62 ನಿಮಿಷಕ್ಕೆ 1,800 ಎಂದರೆ 100 ಮೀಟರಿಗೆ 3 ನಿಮಿಷ 27 ಸೆಕೆಂಡು. 1,900 ಮೀಟರಿಗೆ ಅರವತ್ತೈದೂವರೆ ನಿಮಿಷ. ಹತ್ತೊಂಬತ್ತು ನಿಮಿಷದ ಬಿಡುವು ನಾಲ್ಕೂವರೆಗೆ ಇಳಿಯಿತು, ಅದೂ ಅಲೆಯಿಲ್ಲದ ಕೆರೆಯ ನೀರಿನಲ್ಲಿ. ಶ್ರೀ ಕ ಈಜಿನ ದಿನಗಳನ್ನು ಕಡಿಮೆ ಮಾಡುವ ಯೋಚನೆ ಕೈಬಿಟ್ಟರು.

ಫೋನಿನ ಗೆರೆ ಇನ್ನೊಂದು ಉಪಕಾರ ಮಾಡಿತು. ಹೋಗುವ ಎರಡೂ ಹಾಯಿಗಳಲ್ಲಿ ಅದು ಬಲಕ್ಕೆ ಒಂದೇ ರೀತಿ ಬಾಗಿತ್ತು. ವಾಚಿನ ಹಾವುಗೆರೆಯಲ್ಲಿ ಈ ಬಾಗು ಹೂತುಹೋಗಿತ್ತು. ಅವರು ಬಲಗಡೆಗೆ ಮಾತ್ರ ಉಸಿರೆಳೆಯುತ್ತಾರೆ, ಇಪ್ಪತ್ತು ಬೀಸಿಗೊಮ್ಮೆ ಮಾತ್ರ ತಲೆಯೆತ್ತುತ್ತಿದ್ದರು. ಎಂಟಕ್ಕೊಮ್ಮೆ ಎತ್ತಲು ಹೇಳಿದೆವು. ಐದು ವಾರದ ನಂತರ ಅದೇ ದಾರಿಗೆ ಅವರು ತೆಗೆದುಕೊಂಡದ್ದು ಐವತ್ತೆಂಟೂವರೆ ನಿಮಿಷ, ಫೋನಿನ ದೂರ 1,825. ದಾರಿ ನೆಟ್ಟಗಾದದ್ದರಿಂದ ಉಳಿದದ್ದು 25 ಮೀಟರ್, ಅಂದರೆ ಒಂದು ನಿಮಿಷಕ್ಕೂ ಕಡಿಮೆ. ಮಿಕ್ಕ ಸಮಯ ಅಭ್ಯಾಸದಿಂದ ಬಂದದ್ದು. ಒಮ್ಮೆ ವಾಚನ್ನು ಈಜುಟೋಪಿಯೊಳಗೆ ತಲೆಯ ಹಿಂಭಾಗಕ್ಕೆ ಸಿಕ್ಕಿಸಿಯೂ ನೋಡಿದೆವು. ಗೆರೆ ನೆಟ್ಟಗಾಯಿತು, ಆದರೆ ಕೈಬೀಸಿನ ಎಣಿಕೆ ಕೆಟ್ಟಿತು.

ಈ ವಿಧಾನಕ್ಕೆ ಎರಡು ಮಿತಿಗಳಿವೆ. ದಡದ ಗುಂಟ ಬಳಸಿಕೊಂಡು ಈಜುವವರಿಗೆ ನೆಡಲು ಬಾಂದು ಕಲ್ಲುಗಳಿರುವುದಿಲ್ಲ. ಅಲ್ಲಿ ಗಾಳಿಚೀಲದ ಫೋನನ್ನೇ ನಂಬಿ, 60 ಸೆಕೆಂಡಿನ ಅಂತರವಿಟ್ಟು ಲೆಕ್ಕ ಹಾಕುವುದು ಉತ್ತಮ. ಇನ್ನು ಹರಿಹರದಲ್ಲಿ ತುಂಗಭದ್ರೆಯಂಥ ಹರಿಯುವ ನೀರಿಗೆ ಇಳಿದರೆ ಲೆಕ್ಕವೇ ಬೇರೆಯಾಗುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಈಜುವವರು ಸೆಕೆಂಡಿಗೆ 0.2 ಮೀಟರ್ ಸೆಳೆತವಿರುವ ಹೊಳೆಯಲ್ಲಿ 450 ಮೀಟರ್ ಕೆಳಕ್ಕೆ ಹೋಗಿ ಮರಳಿ ಬಂದರೆ, ನೆಲದ ಮೇಲಿನ ದೂರ 900 ಆದರೂ ನೀರನ್ನು ಸೀಳಿ ಈಜಿದ ದೂರ ಸುಮಾರು 1,070 ಆಗುತ್ತದೆ. ಅಲ್ಲಿ ಕೈಬೀಸಿನ ಲೆಕ್ಕಕ್ಕೂ ಜಿಪಿಎಸ್ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಎರಡೂ ಸರಿಯಿರಬಹುದು.

ಸ್ಪರ್ಧೆಯಲ್ಲಿ ಶ್ರೀ ಕ 63 ನಿಮಿಷಕ್ಕೆ ನೀರಿನಿಂದ ಎದ್ದರು. ವಾಚು ಅಂದು ಎಷ್ಟು ಮೀಟರ್ ತೋರಿಸಿತ್ತೆಂದು ಕೇಳಿದೆ; ನೋಡಲಿಲ್ಲ ಎಂದರು.